ಮಾವ, ಈ ಮೊತ್ತ ಸರಿ ಇದ್ಯಾ ಒಮ್ಮೆ ನೋಡ್ತೀರಾ?

"ಮಾವ, ಅಂಗಡಿಯ ದಿನದ ಲೆಕ್ಕ ಈಗ ನಾನೇ ಬರೆಯುತ್ತಿದ್ದೇನೆ. ಒಂದು ತಿಂಗಳಿನ ಪುಟಗಳ ಫೋಟೋ ಕಳಿಸಿದ್ದೇನೆ. ಪ್ರತಿ ದಿನದ ನಗದು ಮೊತ್ತ ಸರಿ ಇದ್ಯಾ ಅಂತ ನೋಡಿ ಒಂದು ಮಾತು ಹೇಳಿ. ಅವಸರ ಇಲ್ಲ."

ಇಷ್ಟೇ ಬರೆದು ಕುಮಟೆಯ ಮಾವನಿಗೆ ಕಳಿಸಿದ್ದೆ. ಅಮ್ಮನ ಅಣ್ಣ ಅವರು. ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವುದೇ ಅವರ ಕಸುಬು. ನಮ್ಮದು ಸಿರ್ಸಿಯಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಅಪ್ಪ ಗಲ್ಲಾದ ಮುಂದೆ, ಅಮ್ಮ ಒಳಗೆ ಪೊಟ್ಟಣ ಕಟ್ಟುವುದು, ಸಂಜೆ ಮೇಲೆ ನಾನು. ಅಪ್ಪನ ಕಣ್ಣಿಗೆ ರಾತ್ರಿ ಅಂಕೆ ಸರಿ ಕಾಣುವುದಿಲ್ಲ ಅಂತ ಕಿರ್ದಿ ಪುಸ್ತಕ ನನ್ನ ಕೈಗೆ ಬಂತು.

ಮಾವನಿಗೆ ಕಳಿಸಿದ ಒಂದು ದಿನದ ಪುಟ ಹೀಗಿತ್ತು. ಬೆಳಗಿನ ಶಿಲ್ಕು, ಅಂದರೆ ಗಲ್ಲಾದಲ್ಲಿ ಉಳಿದಿದ್ದ ನಗದು, 3,500 ರೂಪಾಯಿ. ನಗದು ವ್ಯಾಪಾರ 14,860. ಉದ್ರಿ ವಸೂಲಿ 2,000. ಖರ್ಚು ಒಟ್ಟು 6,240. ರಾತ್ರಿಯ ಶಿಲ್ಕು 14,120. ಬಂದದ್ದನ್ನೆಲ್ಲ ಕೂಡಿಸಿ, ಹೋದದ್ದನ್ನು ಕಳೆದರೆ ಉಳಿದದ್ದು ಗಲ್ಲಾದಲ್ಲಿ ಇರಬೇಕು. ಇತ್ತು ಕೂಡ. ತಿಂಗಳ ಎಲ್ಲ ಪುಟವೂ ಹೀಗೇ, ಒಂದು ರೂಪಾಯಿ ಆಚೀಚೆ ಇಲ್ಲ.

ಮರುದಿನ ಮಾವ ಫೋನ್ ಮಾಡಿದರು. "ತಂಗೀ, ಕೂಡಿಸಿದ್ದು ಕಳೆದದ್ದು ಎಲ್ಲ ಸರಿ ಇದೆ. ಆದರೆ ಒಂದು ದಿನವೂ ವ್ಯತ್ಯಾಸ ಬಂದಿಲ್ಲ ಅಲ್ವಾ, ಅದೇ ನನಗೆ ಅನುಮಾನ. ಈ 14,860 ವ್ಯಾಪಾರ ಅಂತ ಬರೆದಿದ್ದೀಯಲ್ಲ, ಆ ಅಂಕೆ ಎಲ್ಲಿಂದ ಬಂತು?"

ನಮ್ಮ ಅಂಗಡಿಯಲ್ಲಿ ಅಜ್ಜನ ಕಾಲದಿಂದ ನಡೆದು ಬಂದ ಕ್ರಮ ಹೇಳಿದೆ. ರಾತ್ರಿ ಗಲ್ಲಾ ಎಣಿಸುವುದು. ಅದಕ್ಕೆ ದಿನದ ಖರ್ಚು ಸೇರಿಸುವುದು. ಬೆಳಗಿನ ಶಿಲ್ಕು ಮತ್ತು ವಸೂಲಿ ಕಳೆಯುವುದು. ಉಳಿದದ್ದು ವ್ಯಾಪಾರ. 14,120ಕ್ಕೆ 6,240 ಸೇರಿಸಿ, 3,500 ಮತ್ತು 2,000 ಕಳೆದರೆ 14,860. ಇಲ್ಲಿಯ ಎಷ್ಟೋ ಸಣ್ಣ ಅಂಗಡಿಗಳಲ್ಲಿ ಹೀಗೇ ಮಾಡುತ್ತಾರೆ. ಒಂದೊಂದು ಬೆಂಕಿಪೊಟ್ಟಣ, ಶ್ಯಾಂಪೂ ಪ್ಯಾಕೆಟ್ಟಿನ ವ್ಯಾಪಾರವನ್ನು ಬರೆಯುತ್ತ ಕೂತರೆ ಗಿರಾಕಿ ನಿಲ್ಲುವುದಿಲ್ಲ.

ಮಾವ ಸಮಾಧಾನದಿಂದಲೇ ಬಿಡಿಸಿ ಹೇಳಿದರು. "ಹಾಗಾದ್ರೆ ನಾನು ಸರಿ ನೋಡುವುದಕ್ಕೆ ಏನೂ ಇಲ್ಲ. ಗಲ್ಲಾದಿಂದ ವ್ಯಾಪಾರ ತೆಗೆದೆ. ಆ ವ್ಯಾಪಾರದಿಂದ ಮತ್ತೆ ಗಲ್ಲಾ ತೆಗೆದೆ. ಹೊಂದದೇ ಇರಲು ಸಾಧ್ಯವೇ ಇಲ್ಲ. ಯಾರೋ ಗಿರಾಕಿಗೆ ಐನೂರು ರೂಪಾಯಿ ಜಾಸ್ತಿ ಚಿಲ್ಲರೆ ಹೋಗಿದೆ ಅಂತ ಇಟ್ಕೋ. ಗಲ್ಲಾದಲ್ಲಿ 13,620 ಇರುತ್ತೆ. ನಿನ್ನ ಲೆಕ್ಕದಲ್ಲಿ ವ್ಯಾಪಾರ 14,360 ಅಂತ ಬರುತ್ತೆ. ಪುಟ ಮಾತ್ರ ಚೊಕ್ಕ. ಐನೂರು ಹೋದದ್ದು ಯಾರಿಗೂ ಗೊತ್ತಾಗಲ್ಲ, ಇವತ್ತು ವ್ಯಾಪಾರ ಸ್ವಲ್ಪ ಕಡಿಮೆ ಅಂದ್ಕೊಂಡು ಮಲಗ್ತೀರಿ."

ನಾನು ಕೇಳಿದ್ದು "ಮೊತ್ತ ಸರಿಯಾ" ಅಂತ. ಅವರು ಅದನ್ನು ಮೂರು ಪ್ರಶ್ನೆ ಮಾಡಿದರು. ಕೂಡಿಸಿದ್ದು ಸರಿಯಾ? ಪುಸ್ತಕದ ಶಿಲ್ಕು ಮತ್ತು ಕೈಯಲ್ಲಿರುವ ನೋಟು ಒಂದೇನಾ? ಪುಸ್ತಕದಲ್ಲಿ ಬರೆದದ್ದಕ್ಕೆ ಹೊರಗಿನ ಕಾಗದ ಸಾಕ್ಷಿ ಇದ್ಯಾ? ಮೊದಲನೆಯದಕ್ಕೆ ಫೋಟೋ ಸಾಕು. ಎರಡನೆಯದಕ್ಕೆ ವ್ಯಾಪಾರವನ್ನು ಗಲ್ಲಾ ನೋಡದೆ ಬೇರೆಯಾಗಿ ಬರೆದಿರಬೇಕು. ಮೂರನೆಯದಕ್ಕೆ ಬಿಲ್ಲು, ಪಿಗ್ಮಿ ಪಾಸ್‌ಬುಕ್, ಬ್ಯಾಂಕಿನ ಲೆಕ್ಕ ಬೇಕು.

ಹಾಗಾಗಿ ಕ್ರಮ ಬದಲಾಯಿಸಿದೆವು. ಗಲ್ಲಾದ ಪಕ್ಕ ಒಂದು ಉದ್ದ ನೋಟ್‌ಬುಕ್ ಇಟ್ಟೆ. ಪುಟಕ್ಕೆ ಮೂರು ಗೆರೆ ಎಳೆದು ಮನೆ ಮಾಡಿದೆ: ನಗದು, ಫೋನು, ಉದ್ರಿ. ಗಿರಾಕಿ ಒಬ್ಬರಿಗೆ ಒಂದು ಸಾಲು. ಸಾಮಾನಿನ ಹೆಸರು ಬೇಡ, ಮೊತ್ತ ಮಾತ್ರ. ಹೆಗಡೇರು 340 ರೂಪಾಯಿ ಸಾಮಾನು ಒಯ್ದು ಇನ್ನೂರು ನಗದು ಕೊಟ್ಟು ಉಳಿದದ್ದು ಬರೆದುಕೋ ಅಂದರೆ ಒಂದೇ ಸಾಲಿನಲ್ಲಿ ನಗದಿಗೆ 200, ಉದ್ರಿಗೆ 140. ಮೂರನೇ ಮನೆಯಲ್ಲಿ ಅಂಕೆ ಬಂದರೆ ಮಾತ್ರ ಪಕ್ಕದಲ್ಲಿ ಹೆಸರು.

ಅಪ್ಪನಿಗೆ ಮೊದಲು ಇದು ಒಗ್ಗಲಿಲ್ಲ. ಸಂತೆ ದಿನ ನಾಲ್ಕು ಜನ ಒಟ್ಟಿಗೆ ನಿಂತಾಗ ಪೆನ್ನು ಹಿಡಿಯುವುದು ಹೇಗೆ ಅಂತ ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಮಾವ ಒಂದು ದಾರಿ ಹೇಳಿದರು. ಇಪ್ಪತ್ತು ರೂಪಾಯಿಗಿಂತ ಕಡಿಮೆಯ ವ್ಯಾಪಾರ ಬರೆಯಬೇಡಿ, ಆ ಹಣವನ್ನು ಗಲ್ಲಾಕ್ಕೆ ಹಾಕದೆ ಬೇರೆ ಡಬ್ಬಿಗೆ ಹಾಕಿ. ರಾತ್ರಿ ಡಬ್ಬಿಯಲ್ಲಿ ಇದ್ದಷ್ಟು ಚಿಲ್ಲರೆ ವ್ಯಾಪಾರ ಅಂತ ಒಂದೇ ಸಾಲು. ಡಬ್ಬಿಯ ಮಟ್ಟಿಗೆ ಹಳೇ ಕ್ರಮವೇ ಆಯ್ತು, ಅಲ್ಲಿ ತಪ್ಪಿದರೆ ಗೊತ್ತಾಗುವುದಿಲ್ಲ. ಆದರೆ ದೊಡ್ಡ ಮೊತ್ತವೆಲ್ಲ ಪುಸ್ತಕದ ಕಣ್ಣಿಗೆ ಬೀಳುತ್ತದೆ. ನಮಗೆ ಬೇಕಾದದ್ದು ಅದೇ.

ಎಣಿಕೆಯ ಕ್ರಮವೂ ಬದಲಾಯಿತು. ಇದು ಮಾವ ಎಲ್ಲಕ್ಕಿಂತ ಒತ್ತಿ ಹೇಳಿದ ಮಾತು. ಪುಸ್ತಕದ ಶಿಲ್ಕು ಎಷ್ಟು ಅಂತ ಗೊತ್ತಿದ್ದವರು ನೋಟು ಎಣಿಸಬಾರದು. ಇಷ್ಟು ಬರಬೇಕು ಅಂತ ತಲೆಯಲ್ಲಿ ಇದ್ದರೆ ಕೈ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಹತ್ತು ರೂಪಾಯಿ ಕಡಿಮೆ ಬಂದರೆ ಸರಿ ಎಣಿಸಿಲ್ಲ ಅಂತ ಮತ್ತೆ ಎಣಿಸುತ್ತೇವೆ, ಸರಿ ಬಂದ ಕೂಡಲೇ ನಿಲ್ಲಿಸುತ್ತೇವೆ. ಅದಕ್ಕೆ ಈಗ ಅಮ್ಮ ಎಣಿಸುತ್ತಾರೆ. ಐನೂರು ಎಷ್ಟು, ಇನ್ನೂರು ಎಷ್ಟು, ನೂರು ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದು ಮಡಚಿ ಇಡುತ್ತಾರೆ. ನಾನು ಆ ಕಡೆ ಕೂತು ಪುಸ್ತಕ ಕೂಡಿಸುತ್ತೇನೆ. ಇಬ್ಬರದೂ ಮುಗಿದ ಮೇಲೆ ಚೀಟಿ ಬಿಡಿಸುವುದು.

ಹೊಸ ಕ್ರಮ ಶುರುವಾದ ಮೊದಲ ವಾರವೇ ವ್ಯತ್ಯಾಸ ಬರತೊಡಗಿತು. ಒಂದು ದಿನ 12 ಕಡಿಮೆ, ಇನ್ನೊಂದು ದಿನ 5 ಜಾಸ್ತಿ. ಕೇಳಿದರೆ ಮಾವನಿಗೆ ಖುಷಿ. ಚಿಲ್ಲರೆ ಇಲ್ಲದಾಗ ಎರಡು ರೂಪಾಯಿ ಬಿಡುತ್ತೀರಿ, ಬದಲಿಗೆ ಚಾಕಲೇಟ್ ಕೊಡುತ್ತೀರಿ, ಅದು ಇದ್ದದ್ದೇ. ವ್ಯತ್ಯಾಸ ಬಂದರೆ ಕೈಯಿಂದ ಹಾಕಿ ಸರಿ ಮಾಡಬೇಡಿ, ಜಾಸ್ತಿ ಬಂದದ್ದನ್ನು ತೆಗೆದೂ ಇಡಬೇಡಿ. "ಕಡಿಮೆ ಬಂದದ್ದು 12" ಅಂತ ಒಂದು ಸಾಲು ಬರೆದು, ನಾಳೆಯ ಶಿಲ್ಕನ್ನು ಎಣಿಸಿದ ಅಂಕೆಯಿಂದಲೇ ಶುರು ಮಾಡಿ. ತಿಂಗಳ ಕೊನೆಗೆ ಕಡಿಮೆ, ಜಾಸ್ತಿ ಎರಡೂ ಕಲೆತು ಬಂದಿದ್ದರೆ ಚಿಂತೆ ಇಲ್ಲ. ದಿನಾ ಕಡಿಮೆಯೇ ಬರುತ್ತಿದ್ದರೆ ಎಲ್ಲೋ ತೂತು ಇದೆ ಅಂತ ಅರ್ಥ.

ಅದಾದ ಮೇಲೆ ಒಂದು ಸಂತೆ ದಿನ ದೊಡ್ಡ ವ್ಯತ್ಯಾಸ ಬಂತು. ಆ ದಿನದ ಪುಟವನ್ನು ಪೂರ್ತಿ ಹೇಳುತ್ತೇನೆ, ಹುಡುಕಿದ ರೀತಿ ನನಗೆ ತುಂಬ ಉಪಯೋಗಕ್ಕೆ ಬಂದಿದೆ.

ಬೆಳಗಿನ ಶಿಲ್ಕು 4,260. ನಗದು ವ್ಯಾಪಾರ, ಡಬ್ಬಿಯ ಚಿಲ್ಲರೆ ಸೇರಿ, 18,430. ವಸೂಲಿ ಎರಡು: ಒಬ್ಬರದು 2,600, ಇನ್ನೊಬ್ಬರದು 900. ಬಂದದ್ದು ಒಟ್ಟು 26,190. ಹೋದದ್ದರಲ್ಲಿ ಹಮಾಲಿ 180, ಹಾಲಿನವನಿಗೆ 640, ಬಿಸ್ಕತ್ತಿನ ಏಜೆನ್ಸಿಗೆ 5,750, ಪಿಗ್ಮಿಗೆ 500, ಮನೆಗೆ ಒಯ್ದದ್ದು 1,200. ಒಟ್ಟು 8,270. ಪುಸ್ತಕದ ಪ್ರಕಾರ ಶಿಲ್ಕು 17,920 ಇರಬೇಕು. ಅಮ್ಮನ ಚೀಟಿ ಬಿಡಿಸಿದರೆ ಐನೂರರ ನೋಟು 22, ಇನ್ನೂರರದ್ದು 8, ನೂರರದ್ದು 24, ಐವತ್ತರದ್ದು 11, ಇಪ್ಪತ್ತರದ್ದು 12, ಹತ್ತರದ್ದು 21, ನಾಣ್ಯ 120 ರೂಪಾಯಿ. ಒಟ್ಟು 16,120. ಸಾವಿರದ ಎಂಟುನೂರು ಕಡಿಮೆ.

ಅಮ್ಮನ ಮುಖ ಸಣ್ಣದಾಯಿತು. ಗಲ್ಲಾದ ಕೆಳಗೆ, ಅಕ್ಕಿ ಚೀಲದ ಸಂದಿಯಲ್ಲಿ ನೋಡಿ ಆಯ್ತು. ಮಾವನಿಗೆ ಫೋನ್ ಮಾಡಿದೆ. ಅವರು ನೋಟು ಹುಡುಕುವುದು ಬಿಡಿ, ಮೊದಲು ಅಂಕೆ ನೋಡು ಅಂದರು. "1,800 ಒಂಬತ್ತರಿಂದ ಭಾಗ ಹೋಗುತ್ತಾ ನೋಡು. ಅದರ ಅರ್ಧ ಎಷ್ಟು ನೋಡು. ಎರಡನ್ನೂ ಹಿಡಿದು ಪುಟದ ಮೇಲೆ ಕಣ್ಣಾಡಿಸು."

ಒಂಬತ್ತರ ಗುಟ್ಟು ಇದು. ಬರೆಯುವಾಗ ಪಕ್ಕಪಕ್ಕದ ಎರಡು ಅಂಕೆ ಅದಲುಬದಲಾದರೆ, ಅಂದರೆ 45 ಬರೆಯುವಲ್ಲಿ 54 ಆದರೆ, ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗ ಹೋಗುತ್ತದೆ. 1,800 ಹೋಗುತ್ತದೆ. ಹಾಗಾದರೆ ಪುಟದಲ್ಲಿ ಯಾವ ಅಂಕೆ ತಿರುವಿದರೆ 1,800 ಬರುತ್ತದೆ? ಏಜೆನ್ಸಿಯ 5,750. ಮೊದಲ ಎರಡು ಅಂಕೆ ತಿರುವಿದರೆ 7,550. ವ್ಯತ್ಯಾಸ ಸರಿಯಾಗಿ 1,800! ಅಪ್ಪ ಕೊಟ್ಟದ್ದು 7,550, ಪುಸ್ತಕದಲ್ಲಿ ಬಿದ್ದದ್ದು 5,750 ಆಗಿರಬಹುದು. ಸಿಕ್ಕಿತು ಅಂತ ನಾನು ಕೂಗಿಯೇ ಬಿಟ್ಟೆ.

"ತಡಿ ಮಾರಾಯ್ತಿ, ಬಿಲ್ಲು ತೆಗಿ" ಅಂದರು ಮಾವ. ಮೊಳೆಗೆ ಚುಚ್ಚಿದ ಬಿಲ್ಲುಗಳಲ್ಲಿ ಹುಡುಕಿದೆ. ಬಿಲ್ಲಿನಲ್ಲಿ 5,750 ಅಂತಲೇ ಇತ್ತು. ಸೇಲ್ಸ್‌ಮನ್ ಹಣ ಮುಟ್ಟಿದೆ ಅಂತ ಸಹಿ ಹಾಕಿದ್ದ. ಅಲ್ಲಿಗೆ ಆ ದಾರಿ ಮುಚ್ಚಿತು. ಒಂಬತ್ತರಿಂದ ಭಾಗ ಹೋಯಿತು ಅಂದ ಮಾತ್ರಕ್ಕೆ ಅದಲುಬದಲೇ ಆಗಿದೆ ಅಂತಲ್ಲ. ಎಲ್ಲಿ ನೋಡಬೇಕು ಅಂತ ಅದು ಹೇಳುತ್ತದೆ ಅಷ್ಟೇ, ತೀರ್ಪು ಕಾಗದದ್ದು.

ಉಳಿದದ್ದು ಅರ್ಧದ ದಾರಿ. 1,800ರ ಅರ್ಧ 900. ಖರ್ಚಿನ ಕಡೆ ಬರೆಯಬೇಕಾದ ಒಂದು ಮೊತ್ತ ಜಮಾ ಕಡೆ ಬಿದ್ದರೆ ವ್ಯತ್ಯಾಸ ಅದರ ಎರಡರಷ್ಟು ಬರುತ್ತದೆ. ಬರಬಾರದ 900 ಬಂದಂತೆ ಕಾಣುತ್ತದೆ, ಹೋಗಬೇಕಾದ 900 ಹೋದಂತೆ ಕಾಣುವುದಿಲ್ಲ. ಪುಟದಲ್ಲಿ 900 ಒಂದೇ ಕಡೆ ಇತ್ತು, ವಸೂಲಿಯಲ್ಲಿ. ಅಪ್ಪನ ಅಕ್ಷರ.

ಅಪ್ಪನನ್ನು ಕೇಳಿದೆ, ಆ 900ರ ಗಿರಾಕಿ ಮಧ್ಯಾಹ್ನ ಏನು ಕೊಟ್ಟುಹೋದರು ಅಂತ. "ಕೊಟ್ಟುಹೋದದ್ದಲ್ಲ, ತಗೊಂಡು ಹೋದದ್ದು. ಕಾಯಿ ತಂದಿದ್ದರಲ್ಲ" ಅಂದರು. ಮೂಲೆಯಲ್ಲಿ ಸಿಪ್ಪೆ ಸುಲಿದ ಮೂವತ್ತು ತೆಂಗಿನಕಾಯಿ ಇತ್ತು, ಕಾಯಿಗೆ ಮೂವತ್ತರಂತೆ ಒಂಬೈನೂರು. ಆ ಗಿರಾಕಿ ಬಂದರೆ ಯಾವಾಗಲೂ ಹಳೇ ಬಾಕಿ ಕೊಡುವುದೇ ರೂಢಿ. ಜನ ತುಂಬಿದ್ದರು, ಅವರ ಹೆಸರು ಬಂದ ಕೂಡಲೇ ಅಪ್ಪನ ಕೈ ವಸೂಲಿಯ ಕಡೆ ಹೋಗಿತ್ತು. ಅಷ್ಟೇ.

900 ಅನ್ನು ಜಮಾದಿಂದ ತೆಗೆದರೆ ಬಂದದ್ದು 25,290. ಖರ್ಚಿಗೆ ಸೇರಿಸಿದರೆ 9,170. ಶಿಲ್ಕು 16,120. ಅಮ್ಮನ ಚೀಟಿಯದ್ದೇ ಅಂಕೆ. ಹಳೇ ಕ್ರಮದಲ್ಲಿ ಇದೇ ದಿನ ಏನಾಗುತ್ತಿತ್ತು ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ವ್ಯಾಪಾರ 16,630 ಅಂತ ಬರುತ್ತಿತ್ತು, ಪುಟ ಹೊಂದುತ್ತಿತ್ತು. ಆ ಗಿರಾಕಿಯ ಉದ್ರಿ ಖಾತೆಯಲ್ಲಿ ಕೊಡದ 900 ಜಮಾ ಆಗಿರುತ್ತಿತ್ತು. ನಮ್ಮ ಕಡೆ ಎಷ್ಟೋ ಜನ ಅಡಿಕೆ ಮಾರಿದ ಮೇಲೆ ವರ್ಷದ ಬಾಕಿ ಒಟ್ಟಿಗೆ ತೀರಿಸುತ್ತಾರೆ. ಅಷ್ಟು ತಿಂಗಳ ನಂತರ ಈ 900ರ ನೆನಪು ಯಾರಿಗೆ ಇರುತ್ತದೆ?

ತಿದ್ದುವುದನ್ನೂ ಮಾವ ಹೇಳಿಕೊಟ್ಟರು. ವೈಟ್ನರ್ ಹಚ್ಚಬಾರದು, ಕೆರೆಯಬಾರದು. ತಪ್ಪಾದ ಅಂಕೆಯ ಮೇಲೆ ಒಂದೇ ಗೆರೆ, ಕೆಳಗಿನದ್ದು ಓದಲು ಬರಬೇಕು. ಸರಿಯಾದ ಕಡೆ ಹೊಸ ಸಾಲು, ಪಕ್ಕದಲ್ಲಿ "ಕಾಯಿ ಖರೀದಿ, ವಸೂಲಿಯಲ್ಲಿ ಬಿದ್ದಿತ್ತು" ಅಂತ ಕಾರಣ. ಮುಂದೆ ನೋಡುವವರಿಗೆ ಏನಾಯಿತು ಅಂತ ಗೊತ್ತಾಗಬೇಕು.

ಎಲ್ಲ ವ್ಯತ್ಯಾಸವೂ ಹೀಗೆ ಭಾಗಾಕಾರಕ್ಕೆ ಸಿಗುವುದಿಲ್ಲ. ಸರಿಯಾಗಿ ಐನೂರು, ಸರಿಯಾಗಿ ಸಾವಿರ ಕಡಿಮೆ ಬಂದರೆ ನಾನು ಮೊದಲು ಫೋನಿನ ಲೆಕ್ಕ ತೆಗೆಯುತ್ತೇನೆ. ಗುರುತಿನವರು ಬರುತ್ತಾರೆ. "ತಂಗೀ, ಐನೂರು ನಗದು ಕೊಡು, ಫೋನಿಗೆ ಹಾಕ್ತೆ" ಅನ್ನುತ್ತಾರೆ. ಎ.ಟಿ.ಎಂ.ವರೆಗೆ ಹೋಗಲು ಬೇಜಾರು. ಕೊಡುತ್ತೇವೆ, ಊರಲ್ಲಿ ಇಲ್ಲ ಅನ್ನಲಾಗುವುದಿಲ್ಲ. ಹಾಗೆ ಕೊಟ್ಟಾಗ ಗಲ್ಲಾದಲ್ಲಿ ಐನೂರು ಕಡಿಮೆ, ಖಾತೆಯಲ್ಲಿ ಐನೂರು ಜಾಸ್ತಿ. ವ್ಯಾಪಾರ ಆಗಿದ್ದು ಸೊನ್ನೆ. ಇದನ್ನು ಬರೆಯದಿದ್ದರೆ ಎರಡು ಕಡೆ ಗೋಜಲು. ಈಗ ಪುಸ್ತಕದ ಕೊನೆಯಲ್ಲಿ "ನಗದು ಕೊಟ್ಟು ಫೋನಿಗೆ ಪಡೆದದ್ದು" ಅಂತ ಬೇರೆ ಸಾಲು ಇದೆ.

ಆ ಸಾಲಿನ ಬೆಲೆ ಬರೀ ರಾತ್ರಿಯ ಲೆಕ್ಕಕ್ಕೆ ಮಾತ್ರ ಅಲ್ಲ ಅಂತ ಮಾವ ವಿವರಿಸಿದರು. 2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ಅಂಗಡಿಯವರಿಗೆ ಯುಪಿಐ ಮೂಲಕ ಬಂದ ಹಣ ನೋಡಿ ಜಿಎಸ್‌ಟಿ ನೋಟಿಸು ಬಂದದ್ದು ಎಲ್ಲರಿಗೂ ನೆನಪಿದೆ. ಸಾಮಾನು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕು. ಆದರೆ ಖಾತೆಗೆ ಬಂದದ್ದೆಲ್ಲ ವ್ಯಾಪಾರವಲ್ಲ. ಅದರಲ್ಲಿ ಹೀಗೆ ನಗದು ಕೊಟ್ಟು ಪಡೆದದ್ದು ಇರುತ್ತದೆ, ಚಿಕ್ಕಪ್ಪ ಅಜ್ಜಿಯ ಔಷಧಕ್ಕೆ ಕಳಿಸಿದ್ದು ಇರುತ್ತದೆ. ಯಾರಾದರೂ ಕೇಳಿದ ದಿನ "ಇದು ವ್ಯಾಪಾರವಲ್ಲ" ಅಂತ ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ. ಅದೇ ದಿನ ಬರೆದ ಸಾಲು ಇದ್ದರೆ ತೋರಿಸಬಹುದು. ಅಂಗಡಿಯ ಕ್ಯೂಆರ್‌ಗೆ ಬೇರೆಯೇ ಖಾತೆ ಮಾಡಿಸಿ ಅಂತಲೂ ಹೇಳಿದ್ದಾರೆ. ಅಪ್ಪ ಒಪ್ಪಿದ್ದಾರೆ, ಇನ್ನೂ ಬ್ಯಾಂಕಿಗೆ ಹೋಗಬೇಕು.

ಪಿಗ್ಮಿ ಮತ್ತು ಮನೆಖರ್ಚಿನ ಬಗ್ಗೆ ಒಂದು ಮಾತು. ಮೊದಲು ಇವೆರಡನ್ನೂ ಹಮಾಲಿ, ಹಾಲಿನ ಜೊತೆ ಒಟ್ಟು ಖರ್ಚು ಅಂತ ಕೂಡಿಸಿಬಿಡುತ್ತಿದ್ದೆವು. ಗಲ್ಲಾದ ಮಟ್ಟಿಗೆ ಅದು ಸರಿಯೇ, ಹಣ ಹೊರಗೆ ಹೋದದ್ದು ನಿಜ. ಆದರೆ ಪಿಗ್ಮಿಯವರಿಗೆ ಕೊಟ್ಟ 500 ಖರ್ಚಾಗಿಲ್ಲ, ನಮ್ಮದೇ ಹಣ ಇನ್ನೊಂದು ಕಡೆ ಕೂತಿದೆ. ಮನೆಗೆ ಒಯ್ದ 1,200 ಅಂಗಡಿಯ ಖರ್ಚಲ್ಲ. ಇವನ್ನು ಬೇರೆ ಬರೆದ ಮೇಲೆ ಅಂಗಡಿಗೆ ನಿಜವಾಗಿ ದಿನಕ್ಕೆ ಎಷ್ಟು ತಗಲುತ್ತದೆ ಅಂತ ಅಪ್ಪ ಮೊದಲ ಸಲ ಕಣ್ಣಾರೆ ನೋಡಿದರು. ಪಿಗ್ಮಿ ಇನ್ನೊಂದು ಅನುಕೂಲವನ್ನೂ ಕೊಡುತ್ತದೆ. ಅದರ ರಸೀದಿ, ಪಾಸ್‌ಬುಕ್ ನಮ್ಮ ಕೈಬರಹ ಅಲ್ಲ. ಪುಸ್ತಕದ ಒಂದು ಸಾಲಿಗೆ ಹೊರಗಿನವರ ಸಾಕ್ಷಿ ಅದು.

ಎರಡನೇ ತಿಂಗಳ ಪುಟಗಳನ್ನು ನೋಡಿ ಮಾವ ಬರೆದು ಕಳಿಸಿದ ಉತ್ತರ ಇಲ್ಲಿದೆ. "ಎಲ್ಲ ದಿನದ ಕೂಡಿಕೆ ನೋಡಿದ್ದೇನೆ, ಸರಿ ಇದೆ. ಪುಸ್ತಕದ ಶಿಲ್ಕಿಗೂ ಎಣಿಕೆಯ ಚೀಟಿಗೂ ಇರುವ ವ್ಯತ್ಯಾಸ ಪ್ರತಿ ದಿನ ಬರೆದಿದೆ, ಕಡಿಮೆ ಜಾಸ್ತಿ ಎರಡೂ ಇದೆ. ಪಿಗ್ಮಿ, ಏಜೆನ್ಸಿ ಬಿಲ್ಲು, ಫೋನಿನ ಲೆಕ್ಕ ಮೂರನ್ನೂ ತಾಳೆ ನೋಡಿದ್ದೇನೆ, ಹೊಂದುತ್ತದೆ. ಬರೆಯದೇ ಬಿಟ್ಟ ವ್ಯಾಪಾರ ಇದ್ದರೆ ಅದು ನನಗೆ ಇಲ್ಲಿಂದ ಕಾಣುವುದಿಲ್ಲ."

ಕೊನೆಯ ಸಾಲನ್ನು ಅಪ್ಪ ಎರಡು ಸಲ ಓದಿಸಿದರು. ಗಿರಾಕಿಯಿಂದ ಹಣ ಪಡೆದು, ಪುಸ್ತಕಕ್ಕೂ ಬರೆಯದೆ ಗಲ್ಲಾಕ್ಕೂ ಹಾಕದೆ ಹೋದರೆ ನಗದು ಲೆಕ್ಕದಲ್ಲಿ ಗುರುತೇ ಇರುವುದಿಲ್ಲ. ಅದನ್ನು ಹಿಡಿಯುವುದು ಸಾಮಾನಿನ ಲೆಕ್ಕ. ಎಲ್ಲ ಸಾಮಾನಿನದ್ದು ನಮ್ಮಿಂದ ಆಗದ ಕೆಲಸ. ಅದಕ್ಕೆ ಮಾವ ಒಂದೇ ಒಂದು ಆರಿಸಿಕೊಳ್ಳಿ ಅಂದರು. ಸಕ್ಕರೆ ಆರಿಸಿದ್ದೇವೆ. ಐವತ್ತು ಕೆ.ಜಿ.ಯ ಚೀಲ ಬಿಚ್ಚಿದ ದಿನ ಚೀಲದ ಮೇಲೆಯೇ ತಾರೀಕು. ಸಕ್ಕರೆ ಕೊಟ್ಟ ಸಾಲಿನ ಪಕ್ಕ "ಸ" ಅಂತ ಬರೆದು ಎಷ್ಟು ಕೆ.ಜಿ. ಅಂತ ಹಾಕುವುದು. ಚೀಲ ಖಾಲಿಯಾದಾಗ ಕೂಡಿಸಿ ನೋಡುವುದು. ತೂಕದಲ್ಲಿ, ಚೆಲ್ಲಿದ್ದರಲ್ಲಿ ಸ್ವಲ್ಪ ಹೋಗುತ್ತದೆ, ಮಳೆಗಾಲದಲ್ಲಿ ಸಕ್ಕರೆ ತೇವ ಎಳೆದುಕೊಳ್ಳುವುದೂ ಇದೆ, ಹಾಗಾಗಿ ಗ್ರಾಮಿನ ಲೆಕ್ಕ ಹೊಂದಲಿಕ್ಕಿಲ್ಲ. ಆದರೆ ಕೆ.ಜಿ.ಗಟ್ಟಲೆ ಆಚೀಚೆ ಬಂದರೆ ಕೇಳಬೇಕಾದ ಪ್ರಶ್ನೆ. ಮನೆಗೆ ಒಯ್ದ ಸಕ್ಕರೆಯನ್ನೂ ಬರೆಯಬೇಕು ಅಂತ ಅಮ್ಮನಿಗೆ ಹೇಳಿ ಒಪ್ಪಿಸಿದ್ದೇನೆ. ಮೊದಲ ಚೀಲ ಮೊನ್ನೆ ಬಿಚ್ಚಿದ್ದೇವೆ.